ಫ್ಯಾನ್ ಕೆಪಾಸಿಟರ್ ಮತ್ತು 60 ವ್ಯಾಟ್ ಬಲ್ಬಿನಲ್ಲಿ ಫೇಸ್ ಸೀಕ್ವೆನ್ಸ್: ನನ್ನ ಅನುಭವ

ಬೋರ್‌ವೆಲ್ ಮೋಟರ್ ಕೆಲಸ ಮಾಡುವ ನಮಗೆಲ್ಲ ಗೊತ್ತಿರುವ ತಾಪತ್ರಯ ಇದು. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿರುತ್ತದೆ, ಹೊಸದು ಕೂರಿಸುತ್ತಾರೆ, ಆ ಗಡಿಬಿಡಿಯಲ್ಲಿ ಎರಡು ಫೇಸ್ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುತ್ತದೆ. ಮೇಲಿನ ಮೋಟರ್ ಆದರೆ ಫ್ಯಾನ್ ನೋಡಿ ಹೇಳಬಹುದು. ಸಬ್‌ಮರ್ಸಿಬಲ್ 600 ಅಡಿ ಕೆಳಗಿರುತ್ತದೆ. ಉಲ್ಟಾ ತಿರುಗಿದರೂ ನೀರು ಬರುತ್ತದೆ, ಕಡಿಮೆ ಬರುತ್ತದೆ ಅಷ್ಟೇ. ತೋಟದವರು ಬೋರ್ ಬತ್ತಿತು ಎಂದುಕೊಳ್ಳುತ್ತಾರೆ, ಇಲ್ಲವೇ ಇಂಪೆಲ್ಲರ್ ಸವೆದಿದೆ ಎಂದು ಪೈಪ್ ಎತ್ತಿಸುತ್ತಾರೆ. ಎತ್ತಿ ಇಳಿಸುವುದಕ್ಕೆ ನಮ್ಮ ಕಡೆ 8–10 ಸಾವಿರ ಹೋಗುತ್ತದೆ.

ಮೂರು ಫೇಸ್ ಯಾವ ಕ್ರಮದಲ್ಲಿವೆ ಎಂದು ತೋರಿಸುವ ಸೀಕ್ವೆನ್ಸ್ ಮೀಟರ್‌ಗೆ ಅಂಗಡಿಯಲ್ಲಿ 2 ಸಾವಿರದ ಆಸುಪಾಸು ಹೇಳಿದರು. ಕೆಪಾಸಿಟರ್, ಬಲ್ಬ್ ಸಾಕು ಎಂದಾಗ ಅದೇ ಅಂಗಡಿಯವರು, "ಬಲ್ಬು ಕರೆಂಟ್ ಇದೆಯೋ ಇಲ್ಲವೋ ಹೇಳುತ್ತೆ, ಯಾವ ಫೇಸ್ ಮೊದಲು ಅಂತ ಹೇಗಣ್ಣ ಹೇಳುತ್ತೆ?" ಎಂದರು. ಜೊತೆಯ ರಿವೈಂಡಿಂಗ್‌ನವರೂ ನಂಬಲಿಲ್ಲ. ಈಗ ಅವರಲ್ಲೇ ಇಬ್ಬರು ನನ್ನ ಪೆಟ್ಟಿಗೆ ಎರವಲು ಒಯ್ಯುತ್ತಾರೆ. ನನಗೆ ಬಿದ್ದ ಖರ್ಚು ಸುಮಾರು 300 ರೂಪಾಯಿ. ಸುಟ್ಟ ಬಲ್ಬುಗಳ ಲೆಕ್ಕ ಬೇರೆ.

ಕನೆಕ್ಷನ್ ಸುಲಭ. ಕೆಪಾಸಿಟರಿನ ಒಂದು ತುದಿ, ಎರಡೂ ಬಲ್ಬಿನ ಒಂದೊಂದು ತುದಿ ಸೇರಿಸಿ ಸ್ಟಾರ್ ಕಟ್ಟಬೇಕು. ಉಳಿದ ಮೂರು ತುದಿ ಮೂರು ಫೇಸಿಗೆ. ಸ್ಟಾರ್ ಪಾಯಿಂಟನ್ನು ನ್ಯೂಟ್ರಲ್‌ಗಾಗಲಿ ಅರ್ತ್‌ಗಾಗಲಿ ಕೊಡಬಾರದು. ಕೊಟ್ಟರೆ ಎರಡೂ ಬಲ್ಬ್ ಸಮನಾಗಿ ಉರಿದು ಆಟ ಮುಗಿಯುತ್ತದೆ. ಕೆಪಾಸಿಟರ್ ಇರುವ ಫೇಸ್ ಮೊದಲನೆಯದು ಎಂದಿಟ್ಟುಕೊಂಡರೆ, ಜೋರಾಗಿ ಉರಿಯುವ ಬಲ್ಬಿನದು ಎರಡನೆಯದು, ಮಂಕಾಗಿರುವುದು ಮೂರನೆಯದು. ಕೆಪಾಸಿಟರ್, ಜೋರು, ಮಂಕು: ಈ ಸಾಲನ್ನೇ ಪೆಟ್ಟಿಗೆಯ ಮುಚ್ಚಳದ ಮೇಲೆ ಪೇಂಟಿನಲ್ಲಿ ಬರೆದಿದ್ದೇನೆ.

ಬಲ್ಬುಗಳು ಸುಟ್ಟದ್ದು ವೋಲ್ಟೇಜಿನಿಂದ. ಕೆಪಾಸಿಟರಿನ ತಡೆ ಬಲ್ಬಿನ ತಡೆಗೆ ಸಮ ಇದ್ದರೆ, ಜೋರು ಬಲ್ಬಿನ ಮೇಲೆ ಫೇಸ್ ವೋಲ್ಟೇಜಿನ ಒಂದೂವರೆ ಪಟ್ಟು ಬೀಳುತ್ತದೆ, ಮಂಕು ಬಲ್ಬಿನ ಮೇಲೆ 0.4 ಪಟ್ಟು. 240 ವೋಲ್ಟ್ ಲೆಕ್ಕಕ್ಕೆ ಒಂದು ಕಡೆ 360, ಇನ್ನೊಂದು ಕಡೆ 96. 230ರ ಬಲ್ಬಿಗೆ 360 ಕೊಟ್ಟರೆ ಫ್ಲ್ಯಾಶ್ ಹೊಡೆದು ಹೋಗುತ್ತದೆ, ಹೋಯಿತು ಕೂಡ. ಪುಸ್ತಕದ ಚಿತ್ರದಲ್ಲಿ ಎರಡೇ ಬಲ್ಬ್ ಇರುತ್ತದೆ. ಫೇಸಿನಿಂದ ಫೇಸಿಗೆ 415 ವೋಲ್ಟ್ ಇರುವ ನಮ್ಮ ಲೈನಿಗೆ ಪ್ರತಿ ಕವಲಿನಲ್ಲೂ ಒಂದೇ ವ್ಯಾಟಿನ ಎರಡು ಬಲ್ಬ್ ಸೀರೀಸ್ ಹಾಕಬೇಕು. ಅಂದರೆ ಎರಡು ಜೊತೆ, ನಾಲ್ಕು ಬಲ್ಬ್.

ಎಲ್ಇಡಿ ಬಲ್ಬ್ ಹಾಕಿ ನೋಡಿದೆ. ಒಳಗಿನ ಡ್ರೈವರ್ ಕಡಿಮೆ ವೋಲ್ಟೇಜಿನಲ್ಲೂ ಬೆಳಕನ್ನು ಒಂದೇ ಮಟ್ಟಕ್ಕೆ ಎಳೆಯುವುದರಿಂದ ಜೋರು, ಮಂಕು ಗೊತ್ತಾಗುವುದಿಲ್ಲ. ತಂತಿ ಬಲ್ಬೇ ಬೇಕು. ಈಗ ಅಂಗಡಿಯಲ್ಲಿ ಅದು ಸಿಗುವುದು ಕಷ್ಟ; ಹಳೇ ಮನೆಗಳಲ್ಲಿ ಕೇಳಿ ತಂದೆ. ಜೀರೋ ಬಲ್ಬ್ ಸುಲಭವಾಗಿ ಸಿಗುತ್ತದೆ. ಆದರೆ 2.5 ಮೈಕ್ರೋಫ್ಯಾರಡ್ ಫ್ಯಾನ್ ಕೆಪಾಸಿಟರ್ ಜೊತೆ ಹಾಕಿದರೆ ಎರಡೂ ಕಡೆ ಜೋರಾಗೇ ಉರಿಯುತ್ತದೆ, ಬಿಸಿಲಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆ ಕೆಪಾಸಿಟರಿನ ತಡೆ ಸುಮಾರು 1270 ಓಮ್, ಎರಡು ಜೀರೋ ಬಲ್ಬಿನದು 7000 ಓಮ್. ಜೋಡಿ ಒಂದಕ್ಕೊಂದು ಹೊಂದುವುದೇ ಇಲ್ಲ. 60 ವ್ಯಾಟಿನ ಎರಡು ಸೇರಿದರೆ 1760ರ ಹತ್ತಿರ ಬರುತ್ತದೆ. 2.5ಕ್ಕೆ ಅದೇ ಸರಿಯಾದ ಜೋಡಿ. ಕೆಪಾಸಿಟರ್ ಮೇಲೆ 440 ಎಸಿ ಎಂದು ಬರೆದಿರಬೇಕು. ಅದರ ಮೇಲೆ 300ಕ್ಕಿಂತ ಹೆಚ್ಚು ಬೀಳುತ್ತದೆ.

ಒಂದು ತೋಟದಲ್ಲಿ ಮೀಟರ್ ಇಟ್ಟು ಅಳೆದೆ. ಲೈನ್ 380 ಇತ್ತು. ಜೋರು ಜೊತೆಯ ಮೇಲೆ 360ರ ಹತ್ತಿರ, ಮಂಕು ಜೊತೆಯ ಮೇಲೆ 80ರ ಆಸುಪಾಸು. ಲೆಕ್ಕದಲ್ಲಿ ಮಂಕು 110ರ ಮೇಲೆ ಬರಬೇಕಿತ್ತು. ತಂತಿ ಸರಿಯಾಗಿ ಕಾಯದಿದ್ದರೆ ಅದರ ತಡೆ ಕಡಿಮೆಯಾಗಿ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಮಂಕು ಇನ್ನಷ್ಟು ಮಂಕಾಗುತ್ತದೆ, ಅದು ನಮಗೆ ಅನುಕೂಲವೇ.

ಪೂರ್ತಿ ಮಂಕಾದರೆ ಮಾತ್ರ ಎಚ್ಚರ. ಮೂರನೇ ಫೇಸ್ ಸತ್ತಿದ್ದರೂ ಒಂದು ಕಡೆ ಜೋರು, ಒಂದು ಕಡೆ ಕತ್ತಲು ಎಂದೇ ಕಾಣುತ್ತದೆ. ಅದನ್ನು ಸೀಕ್ವೆನ್ಸ್ ಎಂದು ಓದಿದರೆ ಕೆಲಸ ಕೆಟ್ಟಿತು. ಮಂಕು ಬಲ್ಬಿನ ತಂತಿ ಕೆಂಡದ ಹಾಗೆ ಕೆಂಪಗಿರಲೇಬೇಕು. ಬಿಸಿಲಲ್ಲಿ ಅದು ಕಾಣಲೆಂದು ಬಲ್ಬಿಗೆ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ಮರೆಮಾಡಿದ್ದೇನೆ. ಎರಡೂ ಸಮನಾಗಿ ಸಾಧಾರಣವಾಗಿ ಉರಿದರೆ ಕೆಪಾಸಿಟರ್ ಕಡೆಯ ಫೇಸ್ ಇಲ್ಲ, ಅಥವಾ ಕೆಪಾಸಿಟರ್ ಓಪನ್. ಎರಡೂ ಸಮನಾಗಿ ಜೋರಾಗಿದ್ದರೆ ಕೆಪಾಸಿಟರ್ ಶಾರ್ಟ್. ಮೋಟರ್ ಓಡುವಾಗ ಪರೀಕ್ಷೆ ಬೇಡ. ಒಂದು ಫೇಸ್ ಹೋಗಿದ್ದರೂ ಓಡುವ ಮೋಟರ್ ಅದನ್ನು ತಾನೇ ಹುಟ್ಟಿಸಿ ತೋರಿಸುತ್ತದೆ. ಸ್ಟಾರ್ಟರ್ ಆಫ್ ಮಾಡಿ, ಒಳಬರುವ ಕಡೆ ಹಿಡಿಯಬೇಕು.

ಇನ್ನೊಂದು ಮಾತು. ಪೆಟ್ಟಿಗೆ ಹೇಳುವುದು ಲೈನಿನ ಕ್ರಮ, ಮೋಟರ್ ಸುತ್ತುವ ದಿಕ್ಕನ್ನಲ್ಲ. ಕೇಬಲ್ ಜಾಯಿಂಟಿನಲ್ಲಿ ಯಾವ ತಂತಿ ಎಲ್ಲಿಗೆ ಹೋಗಿದೆಯೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಹೊಸ ಪಂಪ್ ಇಳಿಸಿ, ನೀರು ಪೂರ್ತಿ ಬರುವುದು ಖಾತ್ರಿಯಾದ ದಿನವೇ ಕ್ರಮ ನೋಡಿ ಸ್ಟಾರ್ಟರ್ ಬಾಗಿಲ ಒಳಗೆ ಬರೆದಿಡುತ್ತೇನೆ. ಕಳೆದ ಬೇಸಿಗೆಯಲ್ಲಿ ತಿಪಟೂರು ಕಡೆಯ ಒಂದು ತೋಟದಲ್ಲಿ ಟಿಸಿ ಬದಲಾದ ಮೇಲೆ ನೀರು ಅರ್ಧಕ್ಕಿಳಿದು, ಪೈಪ್ ಎತ್ತುವ ಗಾಡಿಗೆ ಹೇಳಿಬಿಟ್ಟಿದ್ದರು. ಬಾಗಿಲಲ್ಲಿ ಕೆಂಪು, ಹಳದಿ, ನೀಲಿ ಎಂದಿತ್ತು. ಕೆಪಾಸಿಟರನ್ನು ಕೆಂಪಿಗಿಟ್ಟೆ, ನೀಲಿ ಜೋರಾಗಿ ಉರಿಯಿತು. "ಯಜಮಾನ್ರೇ, ಗಾಡಿ ಬೇಡ ಅನ್ನಿ" ಎಂದು ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ಎರಡು ತಂತಿ ಬದಲಿಸಿದೆ. ತೊಟ್ಟಿಗೆ ಮೊದಲಿನ ರಭಸದಲ್ಲೇ ನೀರು ಬಿತ್ತು. ಅದೇ ಟಿಸಿಯ ಉಳಿದ ತೋಟದವರೂ ಅಂದೇ ಕರೆದರು.

ಸ್ಟಾರ್ ಪಾಯಿಂಟನ್ನು ನ್ಯೂಟ್ರಲ್ ಎಂದುಕೊಂಡು ಮುಟ್ಟಬೇಡಿ, ಅಲ್ಲಿ 150 ವೋಲ್ಟಿಗಿಂತ ಹೆಚ್ಚು ಇರುತ್ತದೆ. ತೆಗೆದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿರುತ್ತದೆ, ಅದಕ್ಕೆ ಅಡ್ಡಲಾಗಿ ಒಂದು ರೆಸಿಸ್ಟರ್ ಬೇಕು. ನಾಲ್ಕು ಹಳೇ ಬಲ್ಬುಗಳನ್ನು ತಡೆ ನೋಡಿ ಜೊತೆ ಮಾಡುವುದಕ್ಕೆ ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಕುತೂಹಲಕ್ಕೆ ಕೆಪಾಸಿಟರ್ ತೆಗೆದು ಟ್ಯೂಬ್‌ಲೈಟಿನ ಎರಡು ಹಳೇ ತಾಮ್ರದ ಚೋಕ್ ಸೀರೀಸ್ ಹಾಕಿದೆ. ಕ್ರಮ ತಿರುಗಿತು, ಜೋರು ಇದ್ದದ್ದು ಮಂಕು, ಮಂಕು ಇದ್ದದ್ದು ಜೋರು. ಹಾಗೇ ಆಗಬೇಕು. ಆದರೆ ಚೋಕ್ ಭಾರ, ಬೈಕಿನ ಡಬ್ಬಿಗೆ ಹಿಡಿಸುವುದಿಲ್ಲ.

ಈಗ ಜೀರೋ ಬಲ್ಬಿನಲ್ಲೇ ಸಣ್ಣ ಪೆಟ್ಟಿಗೆ ಕಟ್ಟುತ್ತಿದ್ದೇನೆ. ಅದಕ್ಕೆ 0.47 ಮೈಕ್ರೋಫ್ಯಾರಡ್ ಹೊಂದುತ್ತದೆ. ಅಂಗಡಿಯಲ್ಲಿ ಸಿಗುವ ಚೌಕದ ಹಳದಿ ಕೆಪಾಸಿಟರ್ 275 ವೋಲ್ಟ್ ಎಸಿಯದು, ಬೀಳುವುದು 320. ಅದಕ್ಕೆ 1 ಮೈಕ್ರೋಫ್ಯಾರಡಿನ ಎರಡನ್ನು ಸೀರೀಸ್ ಮಾಡಿ 0.5 ಮಾಡಿಕೊಂಡಿದ್ದೇನೆ, ವೋಲ್ಟೇಜ್ ಎರಡಕ್ಕೂ ಹಂಚಿಹೋಗುತ್ತದೆ. ಶೆಡ್ಡಿನಲ್ಲಿ ಚೆನ್ನಾಗಿ ತೋರಿಸುತ್ತಿದೆ, ತೋಟದ ಬಿಸಿಲಲ್ಲಿ ಇನ್ನೂ ಹಿಡಿದು ನೋಡಬೇಕು.