ಕೊಂಡ ಬೆಲೆಯ ಕಾಲಂ ಮುಚ್ಚಿಟ್ಟು ಟ್ರೇಡ್ ಮಾಡಿದ್ದು

ನಷ್ಟದಲ್ಲಿರುವ ಷೇರನ್ನು ಯಾಕೆ ಮಾರಿಲ್ಲ ಅಂತ ಯಾವ ಟ್ರೇಡರನ್ನು ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ: ‘ಅಸಲು ಬಂದರೆ ಸಾಕು, ಆಚೆ ಬಂದುಬಿಡ್ತೀನಿ.’ ಲಾಭದಲ್ಲಿದ್ದದ್ದನ್ನು ಇಷ್ಟು ಬೇಗ ಯಾಕೆ ಮಾರಿದೆ ಅಂದರೆ, ‘ಕೈಗೆ ಬಂದದ್ದು ನಮ್ಮದು, ಜಾಸ್ತಿ ಆಸೆ ಬೇಡ.’ ಎರಡೂ ಮಾತು ಜಾಣತನದ ಹಾಗೇ ಕೇಳಿಸುತ್ತವೆ. ಆದರೆ ಎರಡರಲ್ಲೂ ಆ ಷೇರು ಮುಂದೆ ಏನಾಗಬಹುದು ಅನ್ನುವ ವಿಚಾರವೇ ಇಲ್ಲ. ಇರುವುದು ನಾವು ಕೊಟ್ಟ ಬೆಲೆಯ ಮಾತು ಅಷ್ಟೇ.

ಹರ್ಷ್ ಶೆಫ್ರಿನ್ ಮತ್ತು ಮೇಯರ್ ಸ್ಟಾಟ್‌ಮನ್ 1985ರಲ್ಲಿ ಈ ಚಾಳಿಗೆ ಡಿಸ್ಪೊಸಿಷನ್ ಎಫೆಕ್ಟ್ ಅಂತ ಹೆಸರಿಟ್ಟರು. ಟೆರೆನ್ಸ್ ಓಡಿಯನ್ 1998ರಲ್ಲಿ ಅಮೆರಿಕದ ಒಂದು ಬ್ರೋಕರೇಜಿನ 10,000 ಖಾತೆಗಳನ್ನು ತೆಗೆದುಕೊಂಡು ಇದನ್ನು ಅಳೆದರು. ನಾನು ನನ್ನ ಟ್ರೇಡ್ ಲಾಗಿಗೆ ಹಾಕಿದ್ದು ಓಡಿಯನ್ ಅವರ ಅದೇ ಅಳತೆಗೋಲು. ಎಕ್ಸೆಲ್ ಬಂದರೆ ಯಾರು ಬೇಕಾದರೂ ಮಾಡಬಹುದು.

ಏನಾದರೂ ಮಾರಿದ ದಿನಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಬೇಕು. ಒಂದು ದಿನ ಕೈಯಲ್ಲಿ ಎಂಟು ಷೇರು ಇದ್ದವು ಅಂದುಕೊಳ್ಳಿ, ಐದು ಲಾಭದಲ್ಲಿ, ಮೂರು ನಷ್ಟದಲ್ಲಿ. ಆ ದಿನ ಲಾಭದಲ್ಲಿದ್ದ ಎರಡನ್ನು ಮಾರಿದಿರಿ. ಆಗ ಲಾಭದ ಖಾನೆಯಲ್ಲಿ ‘ಐದರಲ್ಲಿ ಎರಡು’, ನಷ್ಟದ ಖಾನೆಯಲ್ಲಿ ‘ಮೂರರಲ್ಲಿ ಸೊನ್ನೆ’. ಹೀಗೆ ಎಲ್ಲ ದಿನಗಳನ್ನೂ ಕೂಡಿಸಿದರೆ ಎರಡು ಅನುಪಾತ ಸಿಗುತ್ತವೆ. ಸುಮ್ನೆ ಎಷ್ಟು ಲಾಭದ ಟ್ರೇಡ್ ಮುಗಿಸಿದೆ, ಎಷ್ಟು ನಷ್ಟದ್ದು ಅಂತ ಎಣಿಸಿದರೆ ದಾರಿ ತಪ್ಪುತ್ತೀರಿ. ಮಾರ್ಕೆಟ್ ಏರುತ್ತಿರುವಾಗ ಕೈಯಲ್ಲಿ ಲಾಭದ ಷೇರುಗಳೇ ಜಾಸ್ತಿ ಇರುತ್ತವೆ, ಮಾರಾಟವೂ ಅವುಗಳದ್ದೇ ಜಾಸ್ತಿ ಆಗುತ್ತದೆ.

ಓಡಿಯನ್ ಲೆಕ್ಕದಲ್ಲಿ ಲಾಭದ ಅನುಪಾತ 14.8%, ನಷ್ಟದ್ದು 9.8%. ನನ್ನದರಲ್ಲಿ ಅಂತರ ಅದಕ್ಕಿಂತ ದೊಡ್ಡದಿತ್ತು. ಜನ ‘ಇಟ್ಟುಕೊಂಡದ್ದು ವಾಪಸ್ ಏರುತ್ತದೆ’ ಅಂತ ವಾದ ಮಾಡುತ್ತಾರಲ್ಲ, ಅದನ್ನೂ ಓಡಿಯನ್ ನೋಡಿದ್ದಾರೆ. ಮಾರಿಬಿಟ್ಟ ಲಾಭದ ಷೇರುಗಳು, ಇಟ್ಟುಕೊಂಡ ನಷ್ಟದ ಷೇರುಗಳಿಗಿಂತ ಮುಂದಿನ ಒಂದು ವರ್ಷದಲ್ಲಿ ಸರಾಸರಿ 3.4 ಪರ್ಸೆಂಟ್ ಪಾಯಿಂಟ್ ಚೆನ್ನಾಗಿ ಓಡಿದ್ದವು.

ಯಾಕೆ ಹೀಗೆ? ನಷ್ಟದ ನೋವು ಲಾಭದ ಖುಷಿಗಿಂತ ದೊಡ್ಡದು ಅನ್ನುವುದು ಸಿದ್ಧ ಉತ್ತರ. ಡೇನಿಯಲ್ ಕಾನೆಮನ್, ಅಮೋಸ್ ಟ್ವೆರ್ಸ್ಕಿ 1992ರಲ್ಲಿ ಈ ನೋವಿನ ತೂಕ ಸುಮಾರು 2.25 ಪಟ್ಟು ಅಂತ ಅಂದಾಜು ಕೊಟ್ಟರು. ಸರಿ, ಆದರೆ ಅಷ್ಟೇ ಹೇಳಿದರೆ ಅರ್ಧ ಕಥೆ. ಅವರ ಲೆಕ್ಕದಲ್ಲಿ ಇನ್ನೊಂದು ಅಂಶ ಇದೆ. ಕೊಂಡ ಬೆಲೆಯಿಂದ ದೂರ ಹೋದಷ್ಟೂ ಮನಸ್ಸು ಮರಗಟ್ಟುತ್ತದೆ. ಮೊದಲ 20ರ ನಷ್ಟ ಚುಚ್ಚಿದಷ್ಟು ಎರಡನೇ 20ರ ನಷ್ಟ ಚುಚ್ಚುವುದಿಲ್ಲ.

ಒಂದೇ ಷೇರು, ಇವತ್ತಿನ ಬೆಲೆ 80. ಮುಂದೆ 60 ಆಗಬಹುದು, 100 ಆಗಬಹುದು, ಎರಡಕ್ಕೂ ಸಮ ಸಾಧ್ಯತೆ. ಒಬ್ಬ 100ಕ್ಕೆ ಕೊಂಡಿದ್ದಾನೆ, ಇನ್ನೊಬ್ಬ 60ಕ್ಕೆ.

100ಕ್ಕೆ ಕೊಂಡವನು ಈಗ ಮಾರಿದರೆ 20ರ ನಷ್ಟ. ಅವರ ಸೂತ್ರದಲ್ಲಿ ಅದರ ನೋವು ಸುಮಾರು 31. ಮಾರದೆ ಕಾದರೆ, ಒಂದೋ 40ರ ನಷ್ಟ, ಅದರ ನೋವು ಸುಮಾರು 58. ಇಲ್ಲವೇ ಅಸಲು ವಾಪಸ್, ನೋವು ಸೊನ್ನೆ. ಸರಾಸರಿ 29. ಅಂದರೆ ಕಾಯುವುದೇ ಕಡಿಮೆ ನೋವು, ಹಾಗಾಗಿ ಕಾಯುತ್ತಾನೆ. 60ಕ್ಕೆ ಕೊಂಡವನಿಗೆ ಈಗ ಮಾರಿದರೆ 20ರ ಲಾಭ, ಖುಷಿ ಸುಮಾರು 14. ಕಾದರೆ ಒಂದೋ 40ರ ಲಾಭ, ಖುಷಿ ಸುಮಾರು 26, ಇಲ್ಲವೇ ಏನೂ ಇಲ್ಲ. ಸರಾಸರಿ 13. ಅವನು ಮಾರಿಬಿಡುತ್ತಾನೆ.

ಷೇರು ಒಂದೇ, ಬೆಲೆ ಒಂದೇ, ಭವಿಷ್ಯ ಒಂದೇ. ತೀರ್ಮಾನ ಮಾತ್ರ ಉಲ್ಟಾ. ಇಲ್ಲಿ ಕಾಯುವ ಕಡೆಗೆ ತಳ್ಳಿದ್ದು 2.25 ಅಲ್ಲ, ಆ ಮರಗಟ್ಟುವಿಕೆ. 2.25 ಮಾಡಿದ್ದು ಏನೆಂದರೆ ಆ ತಳ್ಳುವಿಕೆಯನ್ನು ಅಷ್ಟು ಪಟ್ಟು ಹೆಚ್ಚಿಸಿದ್ದು. ಅದಕ್ಕೇ ನಷ್ಟದವನ ಹಟ ಲಾಭದವನ ಅವಸರಕ್ಕಿಂತ ಗಟ್ಟಿ. ಇನ್ನೂ ಒಂದಿದೆ: ಸ್ಕ್ರೀನಿನಲ್ಲಿ ಕೆಂಪಗೆ ಕಾಣುವ ನಷ್ಟವನ್ನು ನಾವು ನಷ್ಟ ಅಂತ ಪೂರ್ತಿ ಒಪ್ಪಿರುವುದಿಲ್ಲ. ಮಾರಾಟದ ಬಟನ್ ಒತ್ತಿದಾಗಲೇ ಅದು ಖಾತೆಗೆ ಇಳಿಯುವುದು.

ಎರಡೂ ಕಡೆ ಕಿತಾಪತಿ ಮಾಡುತ್ತಿರುವುದು ಕೊಂಡ ಬೆಲೆ ಅಂದ ಮೇಲೆ, ನಾನು ಕೈ ಹಾಕಿದ್ದೂ ಅದಕ್ಕೇ. ಆ್ಯಪಿನ ಹೋಲ್ಡಿಂಗ್ಸ್ ಪುಟ ನೋಡುವುದನ್ನು ಬಿಟ್ಟೆ. ನನ್ನದೇ ಒಂದು ಶೀಟ್ ಮಾಡಿಕೊಂಡೆ. ಅದರಲ್ಲಿ ಷೇರಿನ ಹೆಸರು, ಎಷ್ಟು ಇದೆ, ಇವತ್ತಿನ ಮೌಲ್ಯ, ಯಾಕೆ ಕೊಂಡೆ ಅನ್ನುವ ಒಂದು ಸಾಲು, ಯಾವ ಬೆಲೆಗೆ ಆ ಕಾರಣ ಸುಳ್ಳಾಗುತ್ತದೆ ಅನ್ನುವ ಇನ್ನೊಂದು ಸಾಲು. ಆವರೇಜ್ ಬೆಲೆ ಇಲ್ಲ, ಲಾಭ–ನಷ್ಟದ ಬಣ್ಣ ಇಲ್ಲ. ಟ್ಯಾಕ್ಸ್ ಲೆಕ್ಕಕ್ಕೆ ಬೇಕಾದಾಗ ಅದು ಬ್ರೋಕರ್ ಹತ್ತಿರ ಇದ್ದೇ ಇರುತ್ತದೆ.

ವಾರಕ್ಕೊಮ್ಮೆ ಮಾರ್ಕೆಟ್ ಮುಚ್ಚಿದ ಮೇಲೆ ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ: ಇವೆಲ್ಲ ನಿನ್ನೆ ರಾತ್ರಿ ತಾನಾಗಿಯೇ ಮಾರಿಹೋಗಿ ದುಡ್ಡು ಕೈಗೆ ಬಂದಿದ್ದರೆ, ಇವತ್ತು ಇದನ್ನು ಇಷ್ಟೇ ಪ್ರಮಾಣದಲ್ಲಿ ಕೊಳ್ಳುತ್ತಿದ್ದೆನಾ? ಇದು ನನ್ನ ಸ್ವಂತ ಐಡಿಯಾ ಏನಲ್ಲ. ಮಾರ್ಟಿನ್ ವೆಬರ್, ಕಾಲಿನ್ ಕ್ಯಾಮರರ್ 1998ರ ಒಂದು ಪ್ರಯೋಗದಲ್ಲಿ ಪ್ರತಿ ಸುತ್ತಿನ ಕೊನೆಗೆ ಎಲ್ಲ ಷೇರನ್ನೂ ತಾವೇ ಮಾರಿಬಿಟ್ಟರು. ಬೇಕಾದವರು ಖರ್ಚಿಲ್ಲದೆ ವಾಪಸ್ ಕೊಳ್ಳಬಹುದಿತ್ತು. ಆದರೂ ನಷ್ಟದವುಗಳನ್ನು ಜನ ಅಷ್ಟಾಗಿ ಹಿಡಿದುಕೊಳ್ಳಲಿಲ್ಲ. ಮಾರುವ ಕೆಲಸ ಬೇರೆಯವರು ಮಾಡಿಕೊಟ್ಟರೆ ಕೊಳ್ಳುವಾಗ ಮನಸ್ಸು ಹಗುರ, ಅಲ್ವಾ?

ಸ್ಟಾಪ್ ಲಾಸ್ ಹಾಕಿದರೆ ಮುಗೀತಲ್ಲ ಅಂತ ಕೇಳಬಹುದು. ಮುಗಿಯುವುದಿಲ್ಲ. ಸೋರುವುದು ಅಲ್ಲೇ. 92ಕ್ಕೆ ಹಾಕಿದ ಸ್ಟಾಪ್, ಬೆಲೆ 93ಕ್ಕೆ ಬಂದಾಗ 88 ಆಗುತ್ತದೆ. ಕಾರಣಕ್ಕೇನು ಬರ, ‘ವಾಲ್ಯೂಮ್ ಇಲ್ಲ’, ‘ಸುಮ್ನೆ ಅಲುಗಾಡಿಸ್ತಿದಾರೆ’. ಈಗ ಸ್ಟಾಪ್ ಕೆಳಗಿಳಿಸಿದ ಪ್ರತಿ ಸಲವನ್ನೂ ಬೇರೆ ಕಾಲಂನಲ್ಲಿ ಬರೆದಿಡುತ್ತೇನೆ. ಅನುಪಾತ ಕೆಡುವ ಮೊದಲೇ ಈ ಕಾಲಂ ತುಂಬಲು ಶುರುವಾಗುತ್ತದೆ. ಲಾಗಿನಲ್ಲಿ ನಾನು ಮೊದಲು ನೋಡುವುದೇ ಅದನ್ನು. ಅಂದ ಹಾಗೆ ನಷ್ಟದಲ್ಲಿ ಆವರೇಜ್ ಮಾಡುವುದನ್ನೂ ಇಲ್ಲೇ ಬರೆಯುತ್ತೇನೆ. ಅಸಲನ್ನು ಕೆಳಗೆ ಎಳೆದುಕೊಂಡು ಹತ್ತಿರ ಮಾಡಿಕೊಳ್ಳುವ ಆಸೆ ಅದರಲ್ಲೂ ಇರುತ್ತದೆ.

ನಷ್ಟದ ಕಡೆ ಇದರಿಂದ ಚೆನ್ನಾಗಿ ಸುಧಾರಿಸಿತು. ಲಾಭದ ಕಡೆ ಅಷ್ಟಾಗಿ ಇಲ್ಲ. ಕಾಲಂ ಮುಚ್ಚಿದರೂ ಕೊಂಡ ಬೆಲೆ ತಲೆಯಲ್ಲಿ ಇದ್ದೇ ಇರುತ್ತದೆ, ಅದರಲ್ಲೂ ಹೊಸದಾಗಿ ಕೊಂಡದ್ದು. ಅಲ್ಲಿ ಅರ್ಧ ಮಾರಿ, ಉಳಿದರ್ಧಕ್ಕೆ ಟ್ರೇಲಿಂಗ್ ಸ್ಟಾಪ್ ಹಾಕುತ್ತೇನೆ. ಲೆಕ್ಕದ ದೃಷ್ಟಿಯಲ್ಲಿ ಇದು ರಾಜಿಯೇ. ಆದರೆ ಪೂರ್ತಿ ಮಾರಿಬಿಡುವ ಕೈಯನ್ನು ತಡೆಯುತ್ತದೆ.

ಅನುಪಾತ ಓದುವಾಗ ಒಂದು ಎಚ್ಚರ ಬೇಕು. ಚಿಕ್ಕ ಏರಿಕೆಗೆ ಟಾರ್ಗೆಟ್ ಇಟ್ಟು ಮಾರುವುದೇ ನಿಮ್ಮ ಪದ್ಧತಿಯಾದರೆ ಲಾಭದ ಅನುಪಾತ ಹೆಚ್ಚಿರುವುದು ಸಹಜ, ಅದನ್ನು ರೋಗ ಅನ್ನಬೇಡಿ. ಅಂಥ ಟ್ರೇಡುಗಳನ್ನು ಬೇರೆ ಹಾಳೆಗೆ ಹಾಕಿ. ತೆರಿಗೆ ವರ್ಷದ ಕೊನೆಯ ತಿಂಗಳನ್ನೂ ಬೇರೆ ಇಡಿ. ಓಡಿಯನ್ ಲೆಕ್ಕದಲ್ಲಿ, ಅಮೆರಿಕದ ತೆರಿಗೆ ವರ್ಷ ಮುಗಿಯುವ ಡಿಸೆಂಬರ್ ಬಂದಾಗ ಅದೇ ಜನ ತೆರಿಗೆ ಉಳಿಸಲು ನಷ್ಟದವನ್ನೇ ಹೆಚ್ಚು ಮಾರಿದ್ದರು.