ಪಿಜಿ ನಡೆಸುವವರಿಗೆ: ನೋಟಿಸ್ ದಿನ ಎಣಿಸಬೇಡಿ

ನಿಯಮದ ಹಾಳೆಯಲ್ಲಿ "ರೂಮು ಬಿಡುವ 30 ದಿನ ಮುಂಚೆ ಹೇಳಬೇಕು" ಅಂತ ಬರೆಯಬೇಡಿ. "5ನೇ ತಾರೀಖಿನೊಳಗೆ ಹೇಳಿದರೆ ಆ ತಿಂಗಳ ಕೊನೆಗೆ ಬಿಡಬಹುದು, ಆಮೇಲೆ ಹೇಳಿದರೆ ಮುಂದಿನ ತಿಂಗಳ ಕೊನೆಗೆ" ಅಂತ ಬರೆಯಿರಿ. ನಮ್ಮ ಹಾಸನದಲ್ಲಿ ಹೊಸ ಹುಡುಗರು ರೂಮು ಹುಡುಕಿಕೊಂಡು ಬರುವುದು ಹೆಚ್ಚಾಗಿ ತಿಂಗಳ ಶುರುವಿಗೆ. ನಡುವೆ ಖಾಲಿಯಾದ ಮಂಚ ಸುಮ್ನೆ ಬಿದ್ದಿರುತ್ತದೆ. ಆಗಸ್ಟ್ 12ಕ್ಕೆ ಹೇಳಿದವನ 30 ದಿನ ಮುಗಿಯುವುದು ಸೆಪ್ಟೆಂಬರ್ 11ಕ್ಕೆ. ತಿಂಗಳಿಗೆ 6,000 ಬಾಡಿಗೆ ಅಂದರೆ ಅವನು ಕೊಡುವುದು 11 ದಿನದ್ದು, 2,200. ಉಳಿದ 19 ದಿನದ 3,800 ನಿಮ್ಮ ತಲೆ ಮೇಲೆ. ಹೊಸ ನಿಯಮದಲ್ಲಿ ಅವನು ಸೆಪ್ಟೆಂಬರ್ 30ರವರೆಗೆ ಕೊಡಬೇಕು. ಇದು ಸ್ವಲ್ಪ ಬಿಗಿ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಇನ್ನೊಂದು ಸಾಲು ಸೇರಿಸಿ: ಆ ಮಂಚಕ್ಕೆ ಬೇರೆಯವರು ಬಂದರೆ ಅವತ್ತಿಂದ ಬಾಡಿಗೆ ಇಲ್ಲ, ಬೇಗ ಹೋದವನ ಊಟದ ಪಾಲು ಅಡ್ವಾನ್ಸಿನ ಜೊತೆ ವಾಪಸ್. ಹಾಗಾದರೆ ಬಿಡುವವನೇ ಕಾಲೇಜಲ್ಲಿ ವಿಚಾರಿಸಿ ಹೊಸಬರನ್ನು ಕರೆತರುತ್ತಾನೆ. ನೋಟಿಸ್ ವಾಟ್ಸಾಪಿನಲ್ಲೇ ಬರಲಿ. "ಅಡುಗೆ ಅಕ್ಕನಿಗೆ ಹೇಳಿದ್ದೆ" ಅನ್ನುವುದು ಲೆಕ್ಕಕ್ಕಿಲ್ಲ. ಸೆಮಿಸ್ಟರ್ ಮುಗಿಯುವ ತಿಂಗಳಲ್ಲಿ ಮಾತ್ರ ಈ 5ನೇ ತಾರೀಖಿನ ನಿಯಮ ನಡೆಯುವುದಿಲ್ಲ. ಪರೀಕ್ಷೆ ತಾರೀಖು ಮುಂದೆ ಹೋಗುತ್ತಲೇ ಇರುತ್ತದೆ, ಕೊನೇ ಪೇಪರ್ ಯಾವತ್ತು ಅಂತ ಹುಡುಗರಿಗೇ ಗೊತ್ತಿರುವುದಿಲ್ಲ. ಆ ತಿಂಗಳು ಕೊನೇ ವರ್ಷದವರಿಗೆ ಅರ್ಧ ತಿಂಗಳ ಲೆಕ್ಕ ಇಡಿ: 15ರೊಳಗೆ ಬಿಟ್ಟರೆ ಅರ್ಧ, ದಾಟಿದರೆ ಪೂರ್ತಿ.