ಟಕ್ ಟಕ್ ಎನ್ನುವ ಹಾರ್ಡ್ ಡಿಸ್ಕ್: ರೋಗವೋ, ಹಸಿವೋ?

ಅತ್ತಿಗೆ ಬಂದವರೇ ಬ್ಯಾಗಿನಿಂದ ಕರವಸ್ತ್ರದಲ್ಲಿ ಸುತ್ತಿದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟರು. "ಹತ್ತು ವರ್ಷದ ಫೋಟೋ ಇದರಲ್ಲಿದೆ ಕಣಪ್ಪ. ಮೂರು ದಿನದಿಂದ ಬರೀ ಟಕ್ ಟಕ್ ಅಂತಿದೆ. ಅಂಗಡಿಯವರು ಹೆಡ್ ಹೋಗಿದೆ, ಡೇಟಾ ತೆಗೆಯೋಕೆ ತುಂಬಾ ದುಡ್ಡಾಗುತ್ತೆ ಅಂದ್ರು" ಎಂದರು. ಅಂಗಡಿಯವರು ಹೇಳಿದ್ದು ನಿಜವೂ ಇರಬಹುದಿತ್ತು. ಆದರೆ ಡಿಸ್ಕ್ ಜತೆ ಅವರು ತಂದಿದ್ದ ಕೇಬಲ್ ನೋಡಿದಾಗಲೇ ನನಗೆ ಅನುಮಾನ ಬಂತು. ಸುಮಾರು ಒಂದೂವರೆ ಮೀಟರ್ ಉದ್ದದ, ನೂಲಿನಷ್ಟು ತೆಳ್ಳಗಿನ ಕೇಬಲ್ ಅದು. ಡಿಸ್ಕ್ ಜತೆ ಬಂದಿದ್ದ ಗಿಡ್ಡ ಕೇಬಲ್ ಎಂದೋ ಕಳೆದುಹೋಗಿತ್ತು.

ಅಂಗೈಯಗಲದ ಈ ಡಿಸ್ಕ್‌ಗಳಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ಯುಎಸ್‌ಬಿ ಪೋರ್ಟ್ ಕೊಡುವ 5 ವೋಲ್ಟ್ ಕರೆಂಟೇ ಅದರ ಊಟ. ಹಳೆಯ ಯುಎಸ್‌ಬಿ 2 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪ್, ನೀಲಿ ಬಾಯಿಯ ಯುಎಸ್‌ಬಿ 3 ಪೋರ್ಟ್ 900. ಒಮ್ಮೆ ವೇಗ ಹಿಡಿದ ಡಿಸ್ಕ್‌ಗೆ ಇಷ್ಟು ಧಾರಾಳ ಸಾಕು. ಕಷ್ಟ ಇರುವುದು ಮೊದಲ ಕೆಲವು ಸೆಕೆಂಡುಗಳಲ್ಲಿ. ಒಳಗೆ ಡೇಟಾ ಹೊತ್ತು ನಿಂತ ತಟ್ಟೆಯನ್ನು ತಿರುಗಿಸಲು ಮೋಟಾರು ಸುಮಾರು ಒಂದು ಆಂಪ್ ಎಳೆಯುತ್ತದೆ. ತೆಳು ಕೇಬಲ್ಲಿನಲ್ಲಿ ಅಷ್ಟು ಕರೆಂಟ್ ಹರಿಯುವಾಗ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ. ವೋಲ್ಟೇಜ್ ತೀರಾ ಕುಸಿದರೆ ಡಿಸ್ಕ್, ಡೇಟಾ ಓದುವ ತನ್ನ ಹೆಡ್ಡನ್ನು ತಟ್ಟೆಯ ಮೇಲಿಂದ ಗಡಿಬಿಡಿಯಲ್ಲಿ ಪಕ್ಕದ ಇಳಿಜಾರಿಗೆ ಎಸೆಯುತ್ತದೆ. ಕರೆಂಟ್ ಇಲ್ಲದಾಗ ಇದನ್ನು ಮಾಡಲು, ಇನ್ನೂ ತಿರುಗುತ್ತಿರುವ ತಟ್ಟೆಯ ಓಟದಿಂದಲೇ ಮೋಟಾರು ಒಂದಿಷ್ಟು ವಿದ್ಯುತ್ ಹುಟ್ಟಿಸಿಕೊಡುತ್ತದೆ. ಆ ಎಸೆತದ ಸದ್ದೇ ಟಕ್. ಆಮೇಲೆ ವೋಲ್ಟೇಜ್ ಚೇತರಿಸಿಕೊಳ್ಳುತ್ತದೆ, ಡಿಸ್ಕ್ ಮತ್ತೆ ಏಳಲು ನೋಡುತ್ತದೆ, ಮತ್ತೆ ಟಕ್.

ನಿಜವಾಗಿ ಹೆಡ್ ಕೆಟ್ಟ ಡಿಸ್ಕ್‌ನ ಕಥೆ ಬೇರೆ. ಅದರ ತಟ್ಟೆ ಸರಿಯಾಗಿಯೇ ತಿರುಗುತ್ತದೆ. ಹೆಡ್ ಒಳಗೆ ಹೋಗಿ ದಾರಿ ತೋರುವ ಗುರುತುಗಳನ್ನು ಹುಡುಕುತ್ತದೆ, ಓದಲಾಗದೆ ವಾಪಸ್ ಬಂದು ತಟ್ಟುತ್ತದೆ, ಮತ್ತೆ ಹೋಗುತ್ತದೆ.

ಹಾಗಾಗಿ ಮೊದಲ ಹೆಜ್ಜೆ: ಕಿವಿ ಟಕ್ ಎಂಬ ಸದ್ದಿನ ಮೇಲೆ ಬೇಡ, ಎರಡು ಟಕ್‌ಗಳ ನಡುವೆ ಏನಾಗುತ್ತದೆ ಎಂಬುದರ ಮೇಲಿರಲಿ. ಫ್ಯಾನ್, ಟಿ.ವಿ. ಆರಿಸಿ. ಡಿಸ್ಕ್ ಅನ್ನು ಮೇಜಿನ ಮೇಲೆ ಸಪಾಟಾಗಿಟ್ಟು, ಒಂದು ಬೆರಳನ್ನು ಹಗುರವಾಗಿ ತಾಗಿಸಿ, ಕೇಬಲ್ ಚುಚ್ಚಿ. ಗುಂಯ್ ಎಂದು ಏರಿದ ಕಂಪನ ಟಕ್ ಎಂದೊಡನೆ ಇಳಿದು, ಮತ್ತೆ ಮೊದಲಿನಿಂದ ಏರಿದರೆ ಅದು ಹಸಿವಿನ ಲಕ್ಷಣ. ಡಿಸ್ಕ್‌ನ ದೀಪವೂ ಮಂಕಾಗಿ ಮತ್ತೆ ಹೊಳೆಯಬಹುದು. ಕಂಪನ ಒಂದೇ ಸಮ ಇದ್ದು, ಅದರ ಮೇಲೆ ತಾಳ ಹಾಕಿದಂತೆ ಟಕ್, ಟಕ್, ಟಕ್ ಎಂದು ಬಡಿದು ಕೊನೆಗೆ ಡಿಸ್ಕ್ ಸುಸ್ತಾಗಿ ನಿಂತರೆ ರೋಗದ ಲಕ್ಷಣ. ಇಪ್ಪತ್ತು ಸೆಕೆಂಡ್ ಕೇಳಿ, ಕಿತ್ತುಬಿಡಿ. ತಿರುಗುತ್ತಿರುವಾಗ ಕೈಗೆತ್ತಿಕೊಂಡು ಕಿವಿಗೆ ಹಿಡಿಯಬೇಡಿ. (ಕೇಬಲ್ ಕಿತ್ತಾಗ ಅಥವಾ ಸುಮ್ಮನಿದ್ದಾಗ ಒಮ್ಮೆ ಬರುವ ಟಕ್ ಮಾಮೂಲು, ಅದಕ್ಕೆ ಹೆದರಬೇಕಿಲ್ಲ.)

ಎರಡನೇ ಹೆಜ್ಜೆ, ಊಟ ಬದಲಿಸುವುದು. ಹಬ್ ಇದ್ದರೆ ತೆಗೆಯಿರಿ. ಡೆಸ್ಕ್‌ಟಾಪ್ ಆದರೆ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದಲ್ಲಿ, ನೇರ ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ. ಗಿಡ್ಡ, ದಪ್ಪ ಕೇಬಲ್ ಹೊಂದಿಸಿಕೊಳ್ಳಿ. ಸ್ವಂತ ಅಡಾಪ್ಟರ್ ಇರುವ ಪವರ್ಡ್ ಹಬ್ ಯಾರಲ್ಲಾದರೂ ಸಿಕ್ಕರೆ ಇನ್ನೂ ಒಳ್ಳೆಯದು. ಏನೂ ಸಿಗದಿದ್ದರೆ ಮನೆಯಲ್ಲೇ ಒಂದು ಉಪಾಯವಿದೆ. ಗಿಡ್ಡ ಕೇಬಲ್ಲಿನಿಂದ ಡಿಸ್ಕ್ ಅನ್ನು 5 ವೋಲ್ಟ್, 2 ಆಂಪ್‌ನ ಸಾದಾ ಫೋನ್ ಚಾರ್ಜರಿಗೆ ಹಾಕಿ. ಫೈಲು ಕಾಣಿಸದು ನಿಜ, ಆದರೆ ತಟ್ಟೆ ತಿರುಗಿಸಿ ಹೆಡ್ ಇಳಿಸುವ ಆರಂಭದ ಕೆಲಸವನ್ನು ಡಿಸ್ಕ್ ತಾನೇ ಮಾಡಿಕೊಳ್ಳುತ್ತದೆ. ಅಲ್ಲಿ ಹೊಟ್ಟೆ ತುಂಬ ಕರೆಂಟ್ ಸಿಕ್ಕರೂ ತಾಳ ನಿಲ್ಲದಿದ್ದರೆ ಇನ್ನು ಪೋರ್ಟನ್ನು ದೂರುವಂತಿಲ್ಲ. ಕೆಲವು ಡಿಸ್ಕ್‌ಗಳು ಕಂಪ್ಯೂಟರ್ ಕಾಣದೆ ತಿರುಗುವುದೇ ಇಲ್ಲ. ನಿಮ್ಮದು ಆ ಜಾತಿಯಾದರೆ ಈ ಉಪಾಯದಿಂದ ಏನೂ ತಿಳಿಯದು.

ಸಂಶಯ ಉಳಿದರೆ ಅಳೆಯುವುದೇ ದಾರಿ. ಯುಎಸ್‌ಬಿ ಮೀಟರ್ ಎಂಬ ಬೆರಳುದ್ದದ ಸಾಧನವನ್ನು ಪೋರ್ಟ್ ಕಡೆಗಲ್ಲ, ಸಾಧ್ಯವಾದಷ್ಟು ಡಿಸ್ಕ್ ಕಡೆಗೇ ಸಿಕ್ಕಿಸಬೇಕು. ಪೋರ್ಟಿನ ಬಾಯಲ್ಲಿ ಅಳೆದರೆ ಕೇಬಲ್ ನುಂಗಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅತ್ತಿಗೆಯ ಕೇಬಲ್ಲಿಗೆ ಡಿಸ್ಕ್ ಕಡೆಯ ತುದಿಯಲ್ಲೇ ಮೀಟರ್ ಕೂರಿಸಿದೆ. ಚುಚ್ಚಿದಾಗ 5.04 ವೋಲ್ಟ್ ತೋರಿತು. ತಟ್ಟೆ ಏಳಲು ಹೊರಟಾಗ 4.38ಕ್ಕೆ ಬಿತ್ತು, ಟಕ್ ಎಂದಿತು, ಮತ್ತೆ 5ಕ್ಕೆ ಏರಿತು. ಗಿಡ್ಡ ಕೇಬಲ್ ಹಾಕಿ ಹಿಂಭಾಗದ ಪೋರ್ಟಿಗೆ ಬದಲಿಸಿದೆ. ಈ ಸಲ 4.86ಕ್ಕಿಂತ ಕೆಳಗೆ ಹೋಗಲಿಲ್ಲ. ಡಿಸ್ಕ್ ಸದ್ದಿಲ್ಲದೆ ಎದ್ದು, ಫೋಲ್ಡರುಗಳು ತೆರೆದುಕೊಂಡವು.

ಮೀಟರಿಗೂ ಮಿತಿ ಇದೆ. ಅದರ ಅಂಕಿ ನಿಧಾನವಾಗಿ ಬದಲಾಗುವುದರಿಂದ ಕ್ಷಣಾರ್ಧದ ಕುಸಿತ ಕಾಣದೇ ಹೋಗಬಹುದು. ಇನ್ನೊಂದು, ಮೋಟಾರು ಅಥವಾ ಹೆಡ್ ಒಳಗೇ ಅಂಟಿಕೊಂಡ ಡಿಸ್ಕ್ ಕೂಡ ಕರೆಂಟನ್ನು ವಿಪರೀತ ಎಳೆದು ವೋಲ್ಟೇಜ್ ಕುಸಿಯುವಂತೆ ಮಾಡುತ್ತದೆ. ಆಗ ಸಾಮಾನ್ಯವಾಗಿ ಟಕ್‌ಗಿಂತ ಸಣ್ಣ ಬೀಪ್ ಅಥವಾ ಗುರ್ ಎಂಬ ಸದ್ದು ಬರುತ್ತದೆ, ತಟ್ಟೆಯ ಕಂಪನ ಏರುವುದೇ ಇಲ್ಲ. ಒಳ್ಳೆಯ ಹಬ್‌ನಲ್ಲೂ ಹೀಗೇ ಆದರೆ ಹಸಿವು ಎಂದು ಸಮಾಧಾನಪಟ್ಟುಕೊಳ್ಳಬೇಡಿ.

ಡಿಸ್ಕ್ ಎದ್ದ ಕೂಡಲೇ ಪರೀಕ್ಷೆಗೆ ಇಳಿಯದೆ ಮೊದಲು ಬೇಕಾದ್ದನ್ನು ನಕಲು ಮಾಡಿಕೊಳ್ಳಿ. ಆಮೇಲೆ ವಿಂಡೋಸ್‌ನಲ್ಲಿ `CrystalDiskInfo` ತೆರೆದು ಮೂರು ಸಾಲು ನೋಡಿದರೆ ಸಾಕು. `C0` ಎಂಬುದು ಕರೆಂಟ್ ಹಠಾತ್ತನೆ ಹೋಗಿ ಹೆಡ್ ಹಿಂದೆ ಸರಿದ ಸಲಗಳ ಲೆಕ್ಕ. `05` ಕೆಟ್ಟದ್ದೆಂದು ಪಕ್ಕಕ್ಕಿಟ್ಟ ಜಾಗಗಳದ್ದು, `C5` ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಜಾಗಗಳದ್ದು. ಕೊನೆಯ ಕಾಲಮ್ಮಿನ ಅಂಕಿ ನೋಡಬೇಕು. ಅತ್ತಿಗೆಯ ಡಿಸ್ಕ್‌ನಲ್ಲಿ `05`, `C5` ಎರಡೂ ಸೊನ್ನೆ, `C0` ಮಾತ್ರ ದೊಡ್ಡದಾಗಿತ್ತು. ಮೂರು ದಿನದ ಟಕ್ ಟಕ್‌ನ ಲೆಕ್ಕ ಅಲ್ಲಿ ಬಿದ್ದಿತ್ತು. `C5` ಸೊನ್ನೆ ಬಿಟ್ಟು ಏರತೊಡಗಿದ್ದರೆ, ಸದ್ದು ನಿಂತಿದ್ದರೂ ನಾನು ಆ ಡಿಸ್ಕ್ ನಂಬುತ್ತಿರಲಿಲ್ಲ.

ಅದೇ ತಿಂಗಳು ಸ್ಟುಡಿಯೋ ಇಟ್ಟಿರುವ ಗೆಳೆಯನೊಬ್ಬ ಇನ್ನೊಂದು ಡಿಸ್ಕ್ ತಂದ. ಮೀಟರ್ 5.02ರ ಆಸುಪಾಸಿನಲ್ಲೇ ನಿಂತಿತ್ತು, ಬೆರಳಿಗೆ ಕಂಪನ ಒಂದೇ ಸಮ, ಅದರ ಮೇಲೆ ಟಕ್ ಟಕ್. ಪವರ್ಡ್ ಹಬ್‌ನಲ್ಲೂ ಅದೇ ತಾಳ. ಅವನು ಅಷ್ಟರಲ್ಲೇ ಎರಡು ರಾತ್ರಿ ಡಿಸ್ಕ್ ತಪಾಸಣೆಯ `chkdsk` ಓಡಿಸಲು ನೋಡಿದ್ದ, ಯಾರದೋ ಮಾತು ಕೇಳಿ ಫ್ರೀಜರಿನಲ್ಲೂ ಇಟ್ಟಿದ್ದ. ಸೋತ ಹೆಡ್ ತಟ್ಟೆಯ ಮೇಲೆ ಓಡಾಡಿದಷ್ಟೂ ಗೀರು ಬೀಳುವ ಅಪಾಯ, ಫ್ರೀಜರಿನಿಂದ ತೆಗೆದರೆ ಒಳಗೆ ತೇವ. ಎರಡು ಪೋರ್ಟ್, ಎರಡು ಕೇಬಲ್ ಬದಲಿಸಿಯೂ ಒಂದೇ ಸಮ ತಿರುಗುತ್ತಾ ಬಡಿದುಕೊಳ್ಳುವ ಡಿಸ್ಕ್‌ಗೆ ಮೂರನೇ ಪ್ರಯತ್ನ ಬೇಡ. ಅದರಲ್ಲಿರುವುದು ಅಷ್ಟು ಬೆಲೆಯದ್ದಾದರೆ ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿಯವರಿಗೆ ಕೊಡಿ, ಅಲ್ಲದಿದ್ದರೆ ಕೈಬಿಡಿ. ಅವನಿಗೂ ಅಷ್ಟೇ ಹೇಳಿದೆ.

ಅತ್ತಿಗೆಯ ಆ ಉದ್ದ ಕೇಬಲ್ಲನ್ನು ಮಾತ್ರ ನಾನೇ ಕತ್ತರಿಸಿ ಎಸೆದೆ. ಡ್ರಾಯರಿನಲ್ಲಿ ಉಳಿದರೆ ಮುಂದಿನ ಹಬ್ಬಕ್ಕೆ ಮತ್ತೊಂದು ಡಿಸ್ಕ್‌ಗೆ ಜೋತುಬಿದ್ದು ಬರುತ್ತಿತ್ತು.